ಅಪಾರ್ಟ್‌ಮೆಂಟಿನ ಮೆಟ್ಟಿಲ ದೀಪಕ್ಕೆ ಯಾವ ಸೋಲಾರ್? ಕಂಬದ ಸೋಲಾರ್ ದೀಪ, ಛಾವಣಿಯ ಪ್ಯಾನೆಲ್, ಶಿವಮೊಗ್ಗದಲ್ಲಿ ಎರಡನ್ನೂ ಹಾಕಿ ನೋಡಿದೆವು

ನಮ್ಮದು ವಿನೋಬನಗರದ ಕಡೆ 24 ಮನೆಗಳ ಅಪಾರ್ಟ್‌ಮೆಂಟ್. ಸಂಘದ ಸಭೆಯಲ್ಲಿ ನಾನು ಸೋಲಾರ್ ಮಾತು ಎತ್ತಿದ ಕೂಡಲೇ ಎರಡನೇ ಮಹಡಿಯ ಮೇಷ್ಟ್ರು ಕೇಳಿದರು: "ಎಂಥ ಮಾರಾಯ್ರೇ, ಮನೆ ಕರೆಂಟೇ ಫ್ರೀ ಇರುವಾಗ ಸೋಲಾರ್ ಯಾಕೆ?"

ಅವರ ಮಾತು ಅರ್ಧ ಸರಿ. ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಬಹಳ ಮನೆಗಳ ಬಿಲ್ ಸೊನ್ನೆ. ಅಂಥ ಮನೆಗೆ ಸೋಲಾರ್ ಹಾಕಿದರೆ ಉಳಿಸಲು ಏನೂ ಇರುವುದಿಲ್ಲ. ಆದರೆ ಮೆಟ್ಟಿಲು, ಕಾರಿಡಾರ್, ಪಾರ್ಕಿಂಗ್ ದೀಪ ಮತ್ತು ನೀರಿನ ಮೋಟಾರ್ ಓಡುವ ಕಾಮನ್ ಮೀಟರ್‌ಗೆ ನಾವು ಪೂರ್ತಿ ಬಿಲ್ ಕಟ್ಟುತ್ತೇವೆ. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಸುಮಾರು 6.50 ರೂಪಾಯಿ ಬೀಳುತ್ತದೆ. ಉಳಿಸಬೇಕಾದದ್ದು ಅದನ್ನು. ಇಷ್ಟು ಹೇಳಿದ ಮೇಲೆ ಮೇಷ್ಟ್ರು ಸುಮ್ಮನೆ ಕುಳಿತು ಕೇಳಿದರು.

ಸೋಲಾರ್‌ಗಿಂತ ಮೊದಲು ಒಂದು ಕೆಲಸ ಮಾಡಿದ್ದೆವು, ಅದನ್ನು ಹೇಳದಿದ್ದರೆ ಮುಂದಿನ ಲೆಕ್ಕ ಅರ್ಥ ಆಗುವುದಿಲ್ಲ. ನಮ್ಮಲ್ಲಿ 36 ಹಳೇ ಟ್ಯೂಬ್‌ಲೈಟ್ ಇದ್ದವು. ಚೋಕ್ ಸೇರಿ ಒಂದಕ್ಕೆ 50 ವ್ಯಾಟ್ ಹಿಡಿಯಿರಿ. ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ ಸುಮಾರು 650 ಯೂನಿಟ್. 20 ವ್ಯಾಟ್‌ನ ಎಲ್‌ಇಡಿ ಹಾಕಿದ ಮೇಲೆ ಅದು 260ಕ್ಕೆ ಇಳಿಯಿತು. ಖರ್ಚು ಆದದ್ದು ಒಂಬತ್ತು ಸಾವಿರ, ನಾಲ್ಕೇ ತಿಂಗಳಲ್ಲಿ ವಾಪಸ್ ಬಂತು. ಹಳೇ ಬಿಲ್ ನೋಡಿ ಒಬ್ಬರು 7 ಕಿಲೋವ್ಯಾಟ್ ಸೋಲಾರ್‌ಗೆ ಕೊಟೇಶನ್ ಕೊಟ್ಟಿದ್ದರು. ಎಲ್‌ಇಡಿ ಆದ ಮೇಲೆ ಮೋಟಾರಿನ 150 ಯೂನಿಟ್ ಸೇರಿಸಿದರೂ ತಿಂಗಳಿಗೆ 410 ಯೂನಿಟ್ ಅಷ್ಟೇ. 3 ಕಿಲೋವ್ಯಾಟ್ ಸಾಕಾಯಿತು.

ಈಗ ಹೋಲಿಕೆಗೆ ಬರೋಣ. ಕಮಿಟಿಯಲ್ಲಿ ಜಾಸ್ತಿ ಜನಕ್ಕೆ ಇಷ್ಟವಾದದ್ದು ಕಂಬಕ್ಕೆ ಸಿಕ್ಕಿಸುವ ಸೋಲಾರ್ ದೀಪ. ಪ್ಯಾನೆಲ್, ಬ್ಯಾಟರಿ, ಎಲ್‌ಇಡಿ ಎಲ್ಲ ಒಂದರಲ್ಲೇ ಇರುತ್ತದೆ. ವೈರಿಂಗ್ ಬೇಡ, ಅರ್ಜಿ ಬೇಡ. ಒಂದಕ್ಕೆ 4,500ರಂತೆ ನಾಲ್ಕು ತಂದು ಗೇಟು ಮತ್ತು ಕಾಂಪೌಂಡಿನ ಮೇಲೆ ಹಾಕಿದೆವು. ಫೆಬ್ರವರಿಯಿಂದ ಮೇ ತನಕ ಬೆಳಗಿನವರೆಗೂ ಚೆನ್ನಾಗಿ ಉರಿದವು. ಜೂನ್ ಕೊನೆಗೆ ಮಳೆ ಹಿಡಿಯಿತು ನೋಡಿ, ಮೂರನೇ ದಿನಕ್ಕೆ ರಾತ್ರಿ ಒಂಬತ್ತಕ್ಕೆಲ್ಲ ಮಂಕಾದವು.

ದೀಪ ಕೆಟ್ಟಿರಲಿಲ್ಲ. ಅದರ ಪ್ಯಾನೆಲ್ 40 ವ್ಯಾಟ್‌ನದು. ನಮ್ಮ ಜುಲೈ ಮೋಡದಲ್ಲಿ ಅದಕ್ಕೆ ಸಿಗುವುದು ದಿನಕ್ಕೆ ಎರಡು ಗಂಟೆಯ ಒಳ್ಳೇ ಬಿಸಿಲಿಗೆ ಸಮ, ಅಂದರೆ 80 ವ್ಯಾಟ್-ಅವರ್. 12 ವ್ಯಾಟ್‌ನ ದೀಪ 12 ಗಂಟೆ ಉರಿಯಲು 144 ಬೇಕು. ಬ್ಯಾಟರಿಯಲ್ಲಿ ಕೂಡಿಟ್ಟದ್ದು ಎರಡು ಮೂರು ರಾತ್ರಿ ಎಳೆಯುತ್ತದೆ, ಆಮೇಲೆ ಖಾಲಿ. ಡಬ್ಬಿಯ ಮೇಲೆ 90 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇತ್ತು. ಅದನ್ನು ನೋಡಬೇಡಿ, ಪ್ಯಾನೆಲ್ ಎಷ್ಟು ಮತ್ತು ಬ್ಯಾಟರಿ ಎಷ್ಟು ಎಂದು ಕೇಳಿ. ನಾವು ಇನ್ನೊಂದು ತಪ್ಪೂ ಮಾಡಿದ್ದೆವು. ಪ್ಯಾನೆಲ್ ದೀಪದ ತಲೆಗೇ ಅಂಟಿಕೊಂಡಿರುವುದರಿಂದ ದೀಪ ತಿರುಗಿಸಿದ ಕಡೆಗೇ ಅದೂ ತಿರುಗುತ್ತದೆ. ಒಂದನ್ನು ಉತ್ತರದ ಗೋಡೆಗೆ, ತೆಂಗಿನ ಮರದ ನೆರಳಲ್ಲಿ ಹಾಕಿದ್ದೆವು. ಅದು ಬೇಸಿಗೆಯಲ್ಲೂ ಸೋಮಾರಿ.

ದುಡ್ಡಿನ ಲೆಕ್ಕ ಇನ್ನೂ ಸಪ್ಪೆ. ಒಂದು ದೀಪ ಉಳಿಸುವುದು 20 ವ್ಯಾಟ್‌ನ ಒಂದು ಎಲ್‌ಇಡಿಯ ಕರೆಂಟು. ವರ್ಷಕ್ಕೆ ಸುಮಾರು 88 ಯೂನಿಟ್, 570 ರೂಪಾಯಿ. 4,500 ವಾಪಸ್ ಬರಲು ಎಂಟು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿ ಒಮ್ಮೆಯಾದರೂ ಬದಲಾಗಬೇಕು. ಅಲ್ಲಿಗೆ ಅಸಲು ಬರುವುದೇ ಇಲ್ಲ.

ಇನ್ನೊಂದು ದಾರಿ ಛಾವಣಿಯ ಮೇಲೆ ಆನ್-ಗ್ರಿಡ್ ಪ್ಯಾನೆಲ್. ಇದರಲ್ಲಿ ಬ್ಯಾಟರಿ ಇಲ್ಲ. ಹಗಲು ತಯಾರಾದ ಕರೆಂಟು ಮೋಟಾರಿಗೆ ಹೋಗಿ, ಉಳಿದದ್ದು ಮೆಸ್ಕಾಂ ಲೈನಿಗೆ ಹೋಗುತ್ತದೆ. ರಾತ್ರಿ ದೀಪಕ್ಕೆ ಅಲ್ಲಿಂದ ವಾಪಸ್ ತೆಗೆದುಕೊಳ್ಳುತ್ತೇವೆ. ನೆಟ್ ಮೀಟರ್ ಎರಡನ್ನೂ ಎಣಿಸುತ್ತದೆ. ದೀಪ ಉರಿಯುವುದು ರಾತ್ರಿ, ಬಿಸಿಲು ಇರುವುದು ಹಗಲು. ಈ ತೊಡಕನ್ನು ಬ್ಯಾಟರಿ ಇಲ್ಲದೆ ಬಿಡಿಸುವುದು ಇದೊಂದೇ.

ಸಭೆಗೆ ಒಂದೇ ಹಾಳೆಯಲ್ಲಿ ಲೆಕ್ಕ ಕೊಟ್ಟೆ. 3 ಕಿಲೋವ್ಯಾಟ್‌ಗೆ ಒಟ್ಟು ಖರ್ಚು 1,90,000. ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘದ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ, ನಮಗೆ 54,000. ಉಳಿದದ್ದು 1,36,000. ಸಬ್ಸಿಡಿ ಬರುವುದು ಕೆಲಸ ಮುಗಿದ ಮೇಲೆ, ಹಾಗಾಗಿ ಮೊದಲು ಪೂರ್ತಿ ದುಡ್ಡು ನಾವೇ ಹೊಂದಿಸಬೇಕು. ಮನೆಗೆ ಸುಮಾರು 8,000. ಇದನ್ನು ಮುಚ್ಚಿಡದೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಮಾರಲು ಬಂದವರು ಕಿಲೋವ್ಯಾಟ್‌ಗೆ ದಿನಕ್ಕೆ 4.5 ಯೂನಿಟ್ ಹಿಡಿದು, ನಾಲ್ಕೂಕಾಲು ವರ್ಷದಲ್ಲಿ ದುಡ್ಡು ವಾಪಸ್ ಎಂದಿದ್ದರು. ಅದು ಬಯಲುಸೀಮೆಯ ಬಿಸಿಲಿನ ಲೆಕ್ಕ. ಮಲೆನಾಡಿನ ಮಳೆಗಾಲ ಸೇರಿಸಿ ನಾನು 3.5 ಹಿಡಿದೆ. ವರ್ಷಕ್ಕೆ ಸುಮಾರು 3,800 ಯೂನಿಟ್ ಬರಬೇಕು. ಮೊದಲ ವರ್ಷ ಬಂದದ್ದು 3,900. ಮಾರ್ಚ್‌ನಲ್ಲಿ 430, ಜುಲೈನಲ್ಲಿ ಬರೀ 190. ಹಣದಲ್ಲಿ ವರ್ಷಕ್ಕೆ 25,350 ಉಳಿಯಿತು. ಅದರಲ್ಲಿ ಪ್ಯಾನೆಲ್ ತೊಳೆಸಲು 2,000, ಹತ್ತು ವರ್ಷಕ್ಕೊಮ್ಮೆ ಇನ್ವರ್ಟರ್ ಬದಲಿಸಬೇಕಾದೀತು ಎಂದು 3,000 ಎತ್ತಿಟ್ಟೆವು. ಉಳಿದದ್ದು 20,350. ಈ ಲೆಕ್ಕದಲ್ಲಿ ಅಸಲು ಬರಲು ಆರೂಮುಕ್ಕಾಲು ವರ್ಷ. ಸಬ್ಸಿಡಿ ಕೈತಪ್ಪಿದರೆ ಒಂಬತ್ತು ದಾಟುತ್ತದೆ. ಬಿಲ್ಲಿನ ಫಿಕ್ಸ್ಡ್ ಚಾರ್ಜ್ ಮಾತ್ರ ಸೋಲಾರ್ ಇದ್ದರೂ ಕಡಿಮೆ ಆಗುವುದಿಲ್ಲ, ಅದನ್ನು ಉಳಿತಾಯದಲ್ಲಿ ಸೇರಿಸಬೇಡಿ. ಇನ್ನೂ ದೊಡ್ಡದು ಹಾಕಿ ಕರೆಂಟು ಮಾರೋಣ ಎಂದವರೂ ಇದ್ದರು. ಮಾರಿದ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ, ಅದಕ್ಕೇ ನಮ್ಮ ಬಳಕೆಗಿಂತ ಸ್ವಲ್ಪ ಚಿಕ್ಕದನ್ನೇ ಹಾಕಿದೆವು.

ತೊಂದರೆ ಇದರಲ್ಲೂ ಇತ್ತು. ಕಾಮನ್ ಮೀಟರಿನ ಆರ್‌ಆರ್ ನಂಬರ್ ಇನ್ನೂ ಬಿಲ್ಡರ್ ಹೆಸರಲ್ಲೇ ಇತ್ತು. ಸಂಘದ ಹೆಸರಿಗೆ ಮಾಡಿಸಲು ಎರಡು ತಿಂಗಳು ಹೋಯಿತು. ಟೆರೇಸಿಗೆ ಬೋಲ್ಟ್ ಹೊಡೆಯಲು ಬಂದವರನ್ನು ತಡೆದು, ಕಾಂಕ್ರೀಟ್ ಬ್ಲಾಕಿನ ತೂಕದ ಮೇಲೆ ಸ್ಟ್ಯಾಂಡ್ ನಿಲ್ಲಿಸಿಕೊಂಡೆವು. ನಮ್ಮ ಮಳೆಗೆ ಒಂದು ತೂತು ಸಾಕು, ಮೇಲಿನ ಮನೆಯ ಗೋಡೆಯೆಲ್ಲ ಒದ್ದೆ. ಮಳೆಗಾಲದ ನಂತರ ಪ್ಯಾನೆಲಿನ ಕೆಳ ಅಂಚಿನಲ್ಲಿ ಪಾಚಿ ಕಟ್ಟಿತ್ತು. ಅಕ್ಟೋಬರಿನಲ್ಲಿ ಬಿಸಿಲಿದ್ದರೂ ಯೂನಿಟ್ ಏರದೆ ಇದ್ದಾಗ ಮೇಲೆ ಹತ್ತಿ ನೋಡಿ ಗೊತ್ತಾಯಿತು.

ಸಿಟ್ಟು ಬಂದದ್ದು ಮೊದಲ ಗಾಳಿಮಳೆಯ ರಾತ್ರಿ. ಕರೆಂಟ್ ಹೋಯಿತು, ಮೆಟ್ಟಿಲು ಕತ್ತಲು. "ಎರಡು ಲಕ್ಷದ ಸೋಲಾರ್ ಇಟ್ಟುಕೊಂಡು ಕತ್ತಲೆಯಾ?" ಎಂದು ಮೇಷ್ಟ್ರು ಟಾರ್ಚ್ ಹಿಡಿದು ಬಂದರು. ರಾತ್ರಿಯ ದೀಪಕ್ಕೆ ಕರೆಂಟು ಬರುವುದು ಮೆಸ್ಕಾಂ ಲೈನಿನಿಂದಲೇ, ಕೂಡಿಡಲು ಬ್ಯಾಟರಿ ಇಲ್ಲವಲ್ಲ. ಹಗಲಲ್ಲಿ ಕರೆಂಟ್ ಹೋದರೂ ಅಷ್ಟೇ, ಆನ್-ಗ್ರಿಡ್ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ಇಲ್ಲದಿದ್ದರೆ ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯುತ್ತದೆ. ಇದನ್ನು ನಾನು ಸಭೆಯಲ್ಲಿ ಹೇಳಿರಲಿಲ್ಲ, ತಪ್ಪು ನನ್ನದೇ. ಮಾರನೇ ವಾರ ಪ್ರತಿ ಮಹಡಿಯ ಮೆಟ್ಟಿಲಿಗೆ ಒಂದೊಂದು ರೀಚಾರ್ಜ್ ಆಗುವ ಎಲ್‌ಇಡಿ ಬಲ್ಬ್ ಹಾಕಿದೆವು. ಉತ್ತರದ ಗೋಡೆಯ ಸೋಮಾರಿ ದೀಪವನ್ನು ಬಿಚ್ಚಿ ಗೇಟಿನ ದಕ್ಷಿಣ ಕಂಬಕ್ಕೆ ಕಟ್ಟಿದೆವು. ಅಲ್ಲಿಗೆ ವೈರ್ ಎಳೆಯಲು ಕಾಂಕ್ರೀಟ್ ಅಗೆಯಬೇಕಿತ್ತು, ಆ ಖರ್ಚು ಉಳಿಯಿತು. ಜುಲೈನಲ್ಲಿ ಒಂಬತ್ತಕ್ಕೆ ಮಂಕಾಗುವುದು ಈಗಲೂ ಇದೆ.