ಪೈಥಾನ್ ಕಲಿಕೆ: ಸ್ವಂತ ಅಭ್ಯಾಸವೋ, ಹಣ ಕಟ್ಟುವ ಬೂಟ್‌ಕ್ಯಾಂಪೋ?

ತೀರ್ಥಹಳ್ಳಿ ಕಡೆಯ, ಕೈಯಲ್ಲಿ ಹೆಚ್ಚು ಹಣವಿಲ್ಲದ ಪದವೀಧರೆಯೊಬ್ಬರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಹೊರಟಿದ್ದಾರೆ ಎಂದುಕೊಳ್ಳೋಣ. ಆರಂಭದ ಪಾಠಗಳು ಸ್ವಂತ ಅಭ್ಯಾಸದಲ್ಲೂ, ಕಡಿಮೆ ಅವಧಿಯಲ್ಲಿ ಕೋಡಿಂಗ್ ಕಲಿಸುವ ಬೂಟ್‌ಕ್ಯಾಂಪ್ ಎಂಬ ತರಬೇತಿಯಲ್ಲೂ ಹೆಚ್ಚುಕಡಿಮೆ ಒಂದೇ. ಐಐಟಿಗಳ ಆನ್‌ಲೈನ್ ಪಾಠಮಾಲೆಯಾದ ಎನ್‌ಪಿಟಿಇಎಲ್‌ನ ಪಾಠಗಳನ್ನು ಉಚಿತವಾಗಿ ನೋಡಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಾದರೆ ಮಾತ್ರ ಶುಲ್ಕ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಿಗೆ, ನಿಗದಿತ ಹೊತ್ತಿನ ಆನ್‌ಲೈನ್ ತರಗತಿಗಿಂತ ಮೊದಲೇ ಇಳಿಸಿಕೊಂಡ ವಿಡಿಯೊ ಮೇಲು.

ಬೂಟ್‌ಕ್ಯಾಂಪಿಗೆ ಕಟ್ಟಿದ ಹಣಕ್ಕೆ ನಿಜವಾಗಿ ಸಿಗಬೇಕಾದದ್ದು, ನಾವು ಬರೆದ ಕೋಡನ್ನು ಅನುಭವಿಯೊಬ್ಬರು ಓದಿ ತಿದ್ದುವುದು. ಅದರ ಅಗತ್ಯ ನಮಗಿದೆಯೇ ಎಂದು ತಿಳಿಯಲು, ಲೂಪ್ ಮತ್ತು ಫಂಕ್ಷನ್‌ಗಳ ಪಾಠ ಮುಗಿದ ಮೇಲೆ, ಅಡಿಕೆ ಮಾರಾಟದ ದಿನಾಂಕ, ತೂಕ, ದರಗಳನ್ನು ಅಲ್ಪವಿರಾಮ ಹಾಕಿ ಸಾಲುಸಾಲಾಗಿ ಬರೆದಿಟ್ಟ ಸಿಎಸ್‌ವಿ ಕಡತದಿಂದ ತಿಂಗಳವಾರು ಮೊತ್ತ ತೆಗೆಯುವ ಪ್ರೋಗ್ರಾಂ ಅನ್ನು ವಿಡಿಯೊ ನೋಡದೆ ಬರೆಯಬೇಕು. ಇಂಥ ಕಡತವನ್ನು ಓದುವ ಪೈಥಾನಿನ `csv.reader` ಅಂಕಿಗಳನ್ನೂ ಪಠ್ಯವಾಗಿಯೇ ಕೊಡುವುದರಿಂದ, ಅವನ್ನು `float()` ಬಳಸಿ ಸಂಖ್ಯೆಯಾಗಿಸದೆ ತೂಕವನ್ನು ದರದಿಂದ ಗುಣಿಸಿದರೆ `TypeError` ಎಂಬ ದೋಷ ಸಂದೇಶ ಬರುತ್ತದೆ. ಆ ಸಂದೇಶವನ್ನು ಓದಿ, ಹುಡುಕಿ, ತಾವೇ ಸರಿಪಡಿಸಿಕೊಳ್ಳುವವರು ಸದ್ಯಕ್ಕೆ ಹಣ ಕಟ್ಟಬೇಕಾಗಿಲ್ಲ. ಇಂಥ ಕಡೆಯಲ್ಲೇ ದಿನಗಟ್ಟಲೆ ನಿಲ್ಲುವವರಿಗೆ ತಿದ್ದುವವರು ಬೇಕು. ಆದರೆ ಸೇರುವ ಮೊದಲು, ಕೋಡನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆಂದು ಕೇಳಲೇಬೇಕು.

ಕಂಪ್ಯೂಟರ್ ವಿಷಯದ ಪದವಿಯನ್ನೇ ಕೇಳುವ ಹುದ್ದೆಗೆ ಈ ಎರಡರಿಂದಲೂ ಆಗದು, ಕಾಲೇಜೇ ದಾರಿ. ಬೂಟ್‌ಕ್ಯಾಂಪಿನ ‘ಸುಲಭ ಕಂತು’ ಅನೇಕ ವೇಳೆ ಹಣಕಾಸು ಸಂಸ್ಥೆಯೊಂದರ ಸಾಲವಾಗಿರುತ್ತದೆ. ತರಗತಿಯನ್ನು ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲದಿರಬಹುದಾದ್ದರಿಂದ, ಹಣ ಮರಳಿಸುವ ಷರತ್ತನ್ನು ಸಹಿಗೆ ಮುಂಚೆಯೇ ಓದಬೇಕು.