ಹಾಡಿನ ಪಟ್ಟಿ ಕಳಿಸಲು ಯಾವ ದಾರಿ ಲೇಸು?

ಪ್ಲೇಲಿಸ್ಟ್ ಕಳಿಸುವುದಾದರೆ ನನ್ನ ಓಟು ಯೂಟ್ಯೂಬಿಗೆ. ನಾನು ಕೇಳುವುದು ಸ್ಪಾಟಿಫೈನಲ್ಲಿ, ಅಮೆರಿಕದಲ್ಲಿರುವ ಅತ್ತಿಗೆ ಆಪಲ್ ಮ್ಯೂಸಿಕ್‌ನಲ್ಲಿ. ಶಿವಮೊಗ್ಗದಲ್ಲಿರುವ ಅಪ್ಪನಿಗೆ ಯಾವ ಅಕೌಂಟೂ ಬೇಡ. ಮೂವರೂ ಒಂದೇ ಭಾವಗೀತೆಗಳ ಪಟ್ಟಿ ಕೇಳಬೇಕಿತ್ತು.

ಮೊದಲು ದುಡ್ಡು ಕೊಟ್ಟು, ಪಟ್ಟಿಯನ್ನು ಒಂದು ಸೇವೆಯಿಂದ ಇನ್ನೊಂದಕ್ಕೆ ಸಾಗಿಸುವ ಒಂದು ಟೂಲ್ ತಗೊಂಡೆ. ಬಿಟ್ಟಿ ಮಿತಿಗಿಂತ ನನ್ನ ಪಟ್ಟಿ ಉದ್ದವಿತ್ತು. ಎಲ್ಲ ಹಾಡಿಗೂ ಹಸಿರು ಟಿಕ್ ಬಂತು. ಅತ್ತಿಗೆ ಕೇಳಿ, "ಇದೇನು, ನಾಡಗೀತೆ ಬೇರೆ ಧಾಟಿಯಲ್ಲಿದೆಯಲ್ಲ?" ಅಂದರು. ನಾನು ಹಾಕಿದ್ದು ಮೈಸೂರು ಅನಂತಸ್ವಾಮಿ ಅವರ ಧಾಟಿ, ಅವರಿಗೆ ಹೋಗಿದ್ದು ಸಿ. ಅಶ್ವಥ್ ಅವರದು.

ಇದಕ್ಕೆ ಕಾರಣವಿದೆ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಎರಡೂ ಕಡೆ ಅದು ಒಂದೇ ಆಗಿದ್ದರೆ ಸರಿಯಾದ ಹಾಡೇ ಸಿಗುತ್ತದೆ. ಆದರೆ ಕ್ಯಾಸೆಟ್ ಕಾಲದ ಹಾಡುಗಳು ಬೇರೆ ಬೇರೆ ಸಂಕಲನಗಳಲ್ಲಿ ಮತ್ತೆ ಮತ್ತೆ ಬಂದಿವೆ, ಗುರುತೂ ಬದಲಾಗಿರಬಹುದು. ಆಗ ಟೂಲ್ ಬರೀ ಹೆಸರು ನೋಡಿ ಹುಡುಕುತ್ತದೆ. ಭಾವಗೀತೆಯಲ್ಲಿ ಒಂದೇ ಕವಿತೆಗೆ ಎರಡು ಮೂರು ಧಾಟಿ ಇರುವುದು ಮಾಮೂಲು ಅಲ್ವಾ? ಗಾಯಕರ ಹೆಸರಿನ ಜಾಗದಲ್ಲಿ ಕವಿಯ ಹೆಸರೋ ಸಂಗೀತ ನಿರ್ದೇಶಕರ ಹೆಸರೋ ಇದ್ದರಂತೂ ಮುಗೀತು. ಹಸಿರು ಟಿಕ್ ನಂಬಬೇಡಿ, ಎರಡೂ ಕಡೆಯ ಅವಧಿ ನೋಡಿ. ಅರ್ಧ ನಿಮಿಷ ವ್ಯತ್ಯಾಸ ಕಂಡರೆ ಅದು ಬಹುಶಃ ಬೇರೆ ಧ್ವನಿಮುದ್ರಣ.

ಒಂದೇ ಹಾಡು ಕಳಿಸುವುದಿದ್ದರೆ ಓಡೆಸ್ಲಿ ಎಂಬ ಜಾಲತಾಣ ಸಾಕು. ಹಾಡಿನ ಲಿಂಕ್ ಅಂಟಿಸಿದರೆ ಹಲವು ಸೇವೆಗಳ ಬಟನ್ ಇರುವ ಒಂದು ಪುಟ ಸಿಗುತ್ತದೆ, ಯಾರಿಗೆ ಯಾವುದು ಇದೆಯೋ ಅದನ್ನು ಒತ್ತುತ್ತಾರೆ. ಪುಕ್ಕಟೆ. ಪ್ಲೇಲಿಸ್ಟಿಗೆ ಮಾತ್ರ ಆಗುವುದಿಲ್ಲ.

ಕೊನೆಗೆ ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಒಂದೊಂದೇ ಹಾಡನ್ನು ಕೇಳಿ ಸೇರಿಸಿದೆ. ಒಂದು ಸಂಜೆ ಹಿಡಿಯಿತು, ಆದರೆ ಧಾಟಿ ನಾನೇ ಆರಿಸಿದ್ದು. ಪ್ಲೇಲಿಸ್ಟ್ ಎಡಿಟ್‌ಗೆ ಹೋಗಿ ಪ್ರೈವೆಟ್ ತೆಗೆದು ಅನ್‌ಲಿಸ್ಟೆಡ್ ಮಾಡಬೇಕು, ಇಲ್ಲದಿದ್ದರೆ ಅವರಿಗೆ ಏನೂ ತೆರೆಯುವುದಿಲ್ಲ. ಆಮೇಲೆ ಲಿಂಕಿನ ಶುರುವಿನಲ್ಲಿರುವ `music` ತೆಗೆದು `www` ಹಾಕಿ:

```
https://www.youtube.com/playlist?list=...
```

ಈಗ ಅಪ್ಪನ ಫೋನಿನಲ್ಲಿರುವ ಮಾಮೂಲಿ ಯೂಟ್ಯೂಬಿನಲ್ಲೇ ತೆರೆಯುತ್ತದೆ. ಕಳಿಸುವ ಮೊದಲು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿ, ಅಕೌಂಟ್ ಇಲ್ಲದವರಿಗೆ ಏನು ಕಾಣುತ್ತದೋ ಅದೇ ಅಲ್ಲಿ ಕಾಣುತ್ತದೆ.

ತೊಂದರೆ ಇಲ್ಲವೆಂದಲ್ಲ. ಮಧ್ಯೆ ಜಾಹೀರಾತು ಬರುತ್ತದೆ, ಪ್ರೀಮಿಯಂ ಇಲ್ಲದಿದ್ದರೆ ಫೋನ್ ಪರದೆ ಆರಿದಾಗ ಹಾಡೂ ನಿಲ್ಲುತ್ತದೆ. ಅಪ್ಪ ಟಿವಿಯಲ್ಲಿ ಹಾಕಿಕೊಳ್ಳುತ್ತಾರೆ, ಹಾಗಾಗಿ ಅವರಿಗೆ ಅದು ಲೆಕ್ಕಕ್ಕಿಲ್ಲ. ನನಗೂ ಆ ಟೂಲಿನ ತಿಂಗಳ ಚಂದಾ ಉಳಿಯಿತು. ಹಾಡಿನ ಕಂಪನಿಯವರು ವಿಡಿಯೊ ತೆಗೆದುಹಾಕಿದರೆ ಪಟ್ಟಿಯಲ್ಲಿ ಆ ಹಾಡು ಸುಮ್ನೆ ಮಾಯವಾಗುತ್ತದೆ. ಅದಕ್ಕೇ ಹಾಡು, ಗಾಯಕರು, ಅವಧಿ ಮೂರನ್ನೂ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟಿದ್ದೇನೆ.