ಕೋಡ್ ಪಟ್ಟಿಯಲ್ಲಿ ಇಲ್ಲದ ಗುಂಡಿ: ಎರಡು ರಿಮೋಟ್‌ಗಳು ಕಲಿತ ಬಗೆ

ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಯೂನಿವರ್ಸಲ್ ರಿಮೋಟ್ ಹೊಂದಿಸಿದಾಗ ಪವರ್, ವಾಲ್ಯೂಮ್, ಮ್ಯೂಟ್ ಮೂರೂ ಕೋಡ್ ಹಾಕಿದ ಕೂಡಲೇ ಕೆಲಸ ಮಾಡಿದವು. ಒತ್ತಿದಂತೆಲ್ಲ ಸಿಡಿ, ಟ್ಯೂನರ್, ಆಕ್ಸ್ ಎಂದು ಮುಂದಕ್ಕೆ ಸಾಗುವ ಇನ್‌ಪುಟ್ ಗುಂಡಿ ಮಾತ್ರ ಸಿಗಲಿಲ್ಲ. ಪಟ್ಟಿಯಲ್ಲಿದ್ದ ಬೇರೆ ಕೋಡ್‌ಗಳನ್ನು ಹಾಕಿ ನೋಡಿದೆ. ಒಂದರಲ್ಲಿ ಇನ್‌ಪುಟ್ ಬಂತು, ಮ್ಯೂಟ್ ಹೋಯಿತು. ಮೊಬೈಲ್ ಆ್ಯಪ್‌ನಿಂದಲೂ ಪ್ರಯೋಜನವಾಗಲಿಲ್ಲ. ಇನ್‌ಫ್ರಾರೆಡ್ ಇರುವ ಹೆಚ್ಚಿನ ಮೊಬೈಲ್‌ಗಳು ಸಂಕೇತ ಕಳುಹಿಸಬಲ್ಲವೇ ಹೊರತು ಇನ್ನೊಂದು ರಿಮೋಟ್‌ನಿಂದ ಪಡೆಯಲಾರವು. ಉಳಿದ ದಾರಿ ಲರ್ನಿಂಗ್ ಮೋಡ್, ಅಂದರೆ ಮೂಲ ರಿಮೋಟ್‌ನ ಸಂಕೇತವನ್ನೇ ಹೊಸದಕ್ಕೆ ಕಲಿಸುವುದು. ಅದು ಇರುವ ಎರಡು ರಿಮೋಟ್‌ಗಳಿಗೆ ಇದೇ ಗುಂಡಿಯನ್ನು ಕಲಿಸಿ ನೋಡಿದೆ.

ಕಲಿಸುವ ಕ್ರಮ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮೂಲ ರಿಮೋಟ್‌ನ ಮುಂತುದಿಯನ್ನು ಹೊಸದರ ಸೆನ್ಸರ್‌ಗೆ ಎದುರಾಗಿ ಎರಡರಿಂದ ಐದು ಸೆಂಟಿಮೀಟರ್ ಅಂತರದಲ್ಲಿ ಮೇಜಿನ ಮೇಲೆ ಇಡಬೇಕು. ಸೆನ್ಸರ್ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಕೆಲವು ರಿಮೋಟ್‌ಗಳಲ್ಲಿ ಅದು ಹಿಂತುದಿಯಲ್ಲಿರುತ್ತದೆ. ಲರ್ನಿಂಗ್ ಮೋಡ್‌ಗೆ ಹೋಗಿ, ಖಾಲಿ ಗುಂಡಿಯೊಂದನ್ನು ಒತ್ತಿ, ದೀಪ ಹೊತ್ತಿಕೊಂಡಾಗ ಮೂಲ ರಿಮೋಟ್‌ನ ಗುಂಡಿಯನ್ನು ಒತ್ತಬೇಕು. ದೀಪ ಮಿನುಗಿದರೆ ಸಂಕೇತ ದಾಖಲಾಗಿದೆ ಎಂದರ್ಥ.

ದಾಖಲಾದದ್ದು ಏನು ಎಂಬುದರಲ್ಲಿ ಎರಡೂ ಬೇರೆಯಾಗುತ್ತವೆ. ಮೊದಲ ರಿಮೋಟ್ ಬೆಳಕಿನ ಮಿಡಿತಗಳನ್ನು ಬಂದದ್ದು ಬಂದಂತೆ ಅಚ್ಚೊತ್ತಿಕೊಳ್ಳುತ್ತದೆ. ಎರಡನೆಯದು ಸಂಕೇತದ ಮಾದರಿಯನ್ನು ಗುರುತಿಸಿ, ಒಳಗಿರುವ ಆದೇಶವನ್ನಷ್ಟೇ ಇಟ್ಟುಕೊಂಡು, ಪ್ರತಿ ಸಲವೂ ಹೊಸದಾಗಿ ಕಳುಹಿಸುತ್ತದೆ.

ನನ್ನ ಆಂಪ್ಲಿಫೈಯರ್ ಬಳಸುವುದು ಆರ್‌ಸಿ-5 ಎಂಬ ಮಾದರಿಯನ್ನು. ಅದರ ಒಂದು ಸಂದೇಶದಲ್ಲಿ 14 ಬಿಟ್‌ಗಳಿವೆ: ಆರಂಭಕ್ಕೆ ಎರಡು, ಸಾಧನದ ವಿಳಾಸಕ್ಕೆ ಐದು, ಆದೇಶಕ್ಕೆ ಆರು. ಉಳಿದ ಒಂದು ಟಾಗಲ್ ಬಿಟ್. ಗುಂಡಿಯಿಂದ ಬೆರಳೆತ್ತಿ ಮತ್ತೆ ಒತ್ತಿದಾಗಲೆಲ್ಲ ಅದು 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 0 ಆಗುತ್ತದೆ. ಬೆರಳು ಒತ್ತಿಯೇ ಇದೆಯೋ, ಎತ್ತಿ ಮತ್ತೆ ಒತ್ತಿದ್ದೋ ಎಂಬುದನ್ನು ಸಾಧನ ಇದರಿಂದಲೇ ತಿಳಿಯುತ್ತದೆ.

ಅಚ್ಚೊತ್ತಿಕೊಳ್ಳುವ ರಿಮೋಟ್‌ನಲ್ಲಿ ಈ ಬಿಟ್ ಕಲಿಸಿದ ಕ್ಷಣದಲ್ಲಿ ಹೇಗಿತ್ತೋ ಹಾಗೆಯೇ ನಿಂತುಬಿಡುತ್ತದೆ. ಮೊದಲ ಸಲ ಒತ್ತಿದಾಗ ಸಿಡಿಯಿಂದ ಟ್ಯೂನರ್‌ಗೆ ಹೋಯಿತು. ಎರಡನೆಯ ಸಲ ಏನೂ ಆಗಲಿಲ್ಲ. ನಡುವೆ ವಾಲ್ಯೂಮ್ ಒತ್ತಿ ಮತ್ತೆ ಪ್ರಯತ್ನಿಸಿದರೆ ಆಕ್ಸ್‌ಗೆ ಹೋಯಿತು. ದೋಷದ ಗುರುತು ಇದೇ: ಬೇರೊಂದು ಗುಂಡಿ ಒತ್ತಿದ ಮೇಲೆ ಮಾತ್ರ ಕೆಲಸ ಮಾಡುವುದು. ಬ್ಯಾಟರಿಯನ್ನೋ ಅಂತರವನ್ನೋ ದೂರಿ ಮತ್ತೆ ಮತ್ತೆ ಕಲಿಸಿದರೆ ಏನೂ ಬದಲಾಗುವುದಿಲ್ಲ. ವಾಲ್ಯೂಮ್‌ನಂತಹ ಗುಂಡಿಗಳಲ್ಲಿ ಇದು ಅಷ್ಟಾಗಿ ಕಾಡದು, ಏಕೆಂದರೆ ಅವನ್ನು ಒತ್ತಿಯೇ ಹಿಡಿಯುವ ರೂಢಿ. ಟಿವಿಯಲ್ಲಿ 11ನೇ ಚಾನೆಲ್‌ಗೆ ಹೋಗಲು ಕಲಿಸಿದ 1ರ ಗುಂಡಿಯನ್ನು ಎರಡು ಸಲ ಒತ್ತಿದರೆ ತೊಡಕು ಕೂಡಲೇ ಕಾಣುತ್ತದೆ.

ಇದಕ್ಕೊಂದು ಪರಿಹಾರವಿದೆ, ನನಗೆ ತುಂಬ ಇಷ್ಟವಾದದ್ದು. ಒಂದೇ ಆದೇಶವನ್ನು ಎರಡು ಖಾಲಿ ಗುಂಡಿಗಳಿಗೆ ಕಲಿಸಬೇಕು. ಮೊದಲನೆಯದನ್ನು ಕಲಿಸಿದ ಮೇಲೆ ಮೂಲ ರಿಮೋಟ್‌ನ ಮುಂದಿನ ಒತ್ತಿನಲ್ಲಿ ಬಿಟ್ ತಾನಾಗಿಯೇ ಬದಲಾಗಿರುತ್ತದೆ, ಹಾಗಾಗಿ ಎರಡನೆಯ ಗುಂಡಿ ಇನ್ನೊಂದು ರೂಪವನ್ನು ಹಿಡಿಯುತ್ತದೆ. ಆಮೇಲೆ ಎರಡನ್ನೂ ಒಂದಾದ ಮೇಲೊಂದರಂತೆ ಒತ್ತಿದರೆ ಇನ್‌ಪುಟ್ ತಡೆಯಿಲ್ಲದೆ ಸಾಗುತ್ತದೆ. ಸಾಗದಿದ್ದರೆ ಎರಡೂ ಒಂದೇ ರೂಪ ಹಿಡಿದಿವೆ. ಮೂಲ ರಿಮೋಟನ್ನು ನಡುವೆ ಒತ್ತದೆ, ಎರಡನೆಯ ಗುಂಡಿಗೆ ಮಾತ್ರ ಮತ್ತೊಮ್ಮೆ ಕಲಿಸಿ.

ಎರಡನೆಯ ರಿಮೋಟ್‌ಗೆ ಈ ಉಪಾಯ ಬೇಕೇ ಆಗಲಿಲ್ಲ. ಆದೇಶವನ್ನು ತಾನೇ ಕಟ್ಟಿ ಕಳುಹಿಸುವುದರಿಂದ ಬಿಟ್ ಪ್ರತಿ ಒತ್ತಿಗೂ ಬದಲಾಗುತ್ತದೆ. ಆದರೆ ತನಗೆ ಗೊತ್ತಿಲ್ಲದ ಮಾದರಿಯನ್ನು ಅದು ಒಪ್ಪುವುದೇ ಇಲ್ಲ. ಹಳೆಯ ಫ್ಯಾನ್ ಒಂದರ ರಿಮೋಟ್ ಹಿಡಿದಾಗ ದೋಷದ ದೀಪವಷ್ಟೇ ಹೊತ್ತಿತು. ಮೊದಲನೆಯದು ಅದನ್ನೇ ಸಲೀಸಾಗಿ ಕಲಿತು ಫ್ಯಾನ್ ತಿರುಗಿಸಿತು.

ಮೊದಲನೆಯದಕ್ಕೆ ಇನ್ನೂ ಒಂದು ಎಚ್ಚರ ಬೇಕು. ಮುಂದೆ ಬಂದ ಯಾವ ಮಿಡಿತವನ್ನಾದರೂ ಅದು ನುಂಗಿಕೊಳ್ಳುತ್ತದೆ, ಕಿಟಕಿಯ ಬಿಸಿಲು ಬಿದ್ದರೂ ಕಲಿತೆನೆಂದು ದೀಪ ಮಿನುಗಿಸುತ್ತದೆ. ಪರದೆ ಎಳೆದು ಕಲಿಸುವುದು ಒಳ್ಳೆಯದು. ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಒಂದಕ್ಕಿಂತ ಹೆಚ್ಚು ಸಂದೇಶ ಸೇರಿಕೊಂಡು, ವಾಲ್ಯೂಮ್ ಒಂದೇ ಒತ್ತಿಗೆ ಎರಡು ಮೂರು ಹೆಜ್ಜೆ ಹಾರುತ್ತದೆ. ಆಗ ಚಿಕ್ಕದಾಗಿ ಒತ್ತಿ ಬಿಟ್ಟು ಮತ್ತೆ ಕಲಿಸಬೇಕು.

ಆಂಪ್ಲಿಫೈಯರ್‌ಗೆ ನಾನು ಎರಡನೆಯದನ್ನೇ ಇಟ್ಟುಕೊಂಡಿದ್ದೇನೆ. ಫ್ಯಾನ್‌ನಂತಹ ಅಪರೂಪದ ಮಾದರಿಯ ಸಾಧನಗಳೇ ಹೆಚ್ಚಿದ್ದರೆ ಮೊದಲನೆಯದನ್ನು ಆರಿಸುತ್ತೇನೆ. ಬ್ಲೂಟೂತ್‌ನಲ್ಲಿ ಮಾತ್ರ ಕೆಲಸ ಮಾಡುವ ರಿಮೋಟ್ ಗುಂಡಿಗಳನ್ನು ಎರಡೂ ಕಲಿಯಲಾರವು, ಅಲ್ಲಿ ಹಿಡಿಯಲು ಬೆಳಕೇ ಇರುವುದಿಲ್ಲ.